ಪಾಳಿ ಬಿಡುವಾಗ ಕೇಳಬೇಕಾದ ಮಾತು

ಹೊಸೂರಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಬರುವ ಗೆಳೆಯರು ಬಾಗಿಲಲ್ಲಿ ಒಬ್ಬರನ್ನೊಬ್ಬರು ಕಂಡು, "ಏನಣ್ಣಾ, ಚೆನ್ನಾಗಿದ್ದೀಯಾ?" ಎಂದು ಕೇಳುವುದು ವಾಡಿಕೆ. "ಚೆನ್ನಾಗಿದ್ದೀನಿ" ಎಂಬುದೇ ಉತ್ತರ. ಆದರೆ ಈ ಉತ್ತರವನ್ನು ನಾವು ಪೂರ್ತಿ ನಂಬುವಂತಿಲ್ಲ. ನಿದ್ದೆಗೆಟ್ಟ ಮಿದುಳು ತನ್ನ ದಣಿವನ್ನು ತಾನೇ ಸರಿಯಾಗಿ ಅಳೆಯಲಾರದು. ಆದುದರಿಂದ ಕುಶಲಪ್ರಶ್ನೆಯ ಬೆನ್ನಿಗೇ ಇನ್ನೆರಡು ಮಾತುಗಳನ್ನು ಸೇರಿಸಬೇಕು: "ನಿನ್ನೆ ಎಷ್ಟು ಹೊತ್ತಿಗೆ ಎದ್ದೆ? ಮನೆಗೆ ಹೇಗೆ ಹೋಗ್ತೀಯ?"

ಒಂದು ಉದಾಹರಣೆಯನ್ನು ನೋಡೋಣ. ಬಂಧುಗಳ ಮದುವೆಗೆಂದು ಮುಂಜಾನೆ 7ಕ್ಕೆ ಎದ್ದವನೊಬ್ಬ ಹಗಲು ಕಣ್ಣು ಮುಚ್ಚದೆ, ಸಂಜೆ 6ಕ್ಕೆ ಕೆಲಸಕ್ಕೆ ಬಂದು ಬೆಳಗಿನ 6ರವರೆಗೆ ದುಡಿದನೆಂದುಕೊಳ್ಳಿ. ಆತ ಎಚ್ಚರವಾಗಿದ್ದುದು 23 ಗಂಟೆ. ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಶೇಕಡಾ 0.05 ಮದ್ಯಸಾರವಿದ್ದವರಷ್ಟಕ್ಕೆ ಇಳಿದಿತ್ತು. 24 ಗಂಟೆಯಾದಾಗ ಅದು ಸುಮಾರು ಶೇಕಡಾ 0.10ಕ್ಕೆ ಸಮನಾಗಿತ್ತು. ನಮ್ಮ ದೇಶದ ಕಾನೂನು ವಾಹನ ನಡೆಸುವವನಿಗೆ ಬಿಡುವ ಮಿತಿ ಶೇಕಡಾ 0.03 ಮಾತ್ರ. ಹನಿ ಮದ್ಯ ಮುಟ್ಟದವನೂ ಅಮಲೇರಿದವನಂತೆಯೇ ಬೈಕು ಹತ್ತುತ್ತಾನೆಂದಾಯಿತು.

ಇಂಥವನಿಗೆ ದಾರಿಯಲ್ಲಿ ಕೆಲವೇ ಕ್ಷಣಗಳ ಜೊಂಪು ಹತ್ತುವುದುಂಟು. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು 4 ಸೆಕೆಂಡಿನಲ್ಲಿ ಸುಮಾರು 66 ಮೀಟರ್ ಸಾಗುತ್ತದೆ. ಹೆದ್ದಾರಿಯಲ್ಲಿ ಮುಂದಿನ ಲಾರಿ ಅಷ್ಟು ದೂರವಿರಬೇಕೆಂದೇನಿಲ್ಲ.

ಮುಖ ನೋಡಿಯೂ ಕೆಲವನ್ನು ತಿಳಿಯಬಹುದು. ಕೇಳಿದ್ದನ್ನೇ ಮತ್ತೆ ಕೇಳುವುದು, ರೆಪ್ಪೆ ಭಾರವಾಗಿ ನಿಧಾನವಾಗಿ ಬಡಿಯುವುದು, ತಲೆ ತೂಗುವುದು, ಕೈಯಲ್ಲಿರುವ ಬೀಗದ ಕೈಯನ್ನೇ ಹುಡುಕುವುದು ಸೂಚನೆಗಳು. ಇವು ಕಾಣಲಿಲ್ಲವೆಂದು ಅಪಾಯವಿಲ್ಲವೆನ್ನಲಾಗದು. ಪಾಳಿ ಮುಗಿದ ಉತ್ಸಾಹ ಸ್ವಲ್ಪ ಹೊತ್ತು ದಣಿವನ್ನು ಮರೆಸುತ್ತದೆ. ಎದ್ದ ಹೊತ್ತಿನ ಲೆಕ್ಕವೇ ಹೆಚ್ಚು ನಂಬತಕ್ಕದ್ದು.

ಮುಖಕ್ಕೆ ನೀರೆರಚಿಕೊಂಡರೆ ಎಚ್ಚರ ಬಹಳ ಹೊತ್ತು ನಿಲ್ಲದು. ಒಂದು ಲೋಟ ಕಾಫಿ ಕುಡಿದು, ಅದರ ಗುಣ ಏರುವ ಅರ್ಧ ಗಂಟೆಯೊಳಗೆ 20 ನಿಮಿಷ ಮಲಗುವುದು ಮೇಲು. ಎದ್ದೊಡನೆ ಮಂಪರಿರುವುದರಿಂದ ಇನ್ನೊಂದು 15 ನಿಮಿಷ ಕುಳಿತಿದ್ದು ಹೊರಡಬೇಕು. ಆದರೆ 23 ಗಂಟೆಯ ಸಾಲ ಇಷ್ಟರಿಂದ ತೀರುವುದಿಲ್ಲ. ಅಂಥವನ ಬೈಕನ್ನು ಕಾರ್ಖಾನೆಯಲ್ಲೇ ಬಿಡಿಸಿ ಬಸ್ಸು ಹತ್ತಿಸುವುದೇ ಸರಿ. ತನ್ನ ಹಿಂದೆ ಕೂರಿಸಿಕೊಳ್ಳಲು ಹೊರಟ ಗೆಳೆಯನೂ, ತಾನು ಎದ್ದದ್ದು ಎಷ್ಟು ಹೊತ್ತಿಗೆ ಎಂದು ಮೊದಲು ಲೆಕ್ಕ ಹಾಕಿಕೊಳ್ಳತಕ್ಕದ್ದು.