ಆರತಕ್ಷತೆಯ ಸೀರೆಗೆ ಎಷ್ಟು ಇಂಚಿನ ಹೀಲ್?

ಕರ್ನಾಟಕದ ಮದುವೆಗಳಲ್ಲಿ ಹೀಲ್ಸ್‌ನ ಪ್ರಶ್ನೆ ಏಳುವುದು ಧಾರೆಯ ಹೊತ್ತಿಗಲ್ಲ, ಆರತಕ್ಷತೆಯ ಹೊತ್ತಿಗೆ. ಧಾರೆ, ಸಪ್ತಪದಿಗಳೆಲ್ಲ ಬರಿಗಾಲಿನಲ್ಲೇ ನಡೆಯುತ್ತವೆ. ಹಿಂದಿನ ಸಂಜೆಯೋ ಮುಹೂರ್ತ ಮುಗಿದ ಮೇಲೋ ನಡೆಯುವ ಆರತಕ್ಷತೆಯಲ್ಲಿ ಮಾತ್ರ ಮದುಮಗಳು ವೇದಿಕೆಯ ಮೇಲೆ ಮೂರು ನಾಲ್ಕು ಗಂಟೆ ನಿಂತೇ ಇರಬೇಕಾಗುತ್ತದೆ. ಒಬ್ಬರು ಉಡುಗೊರೆ ಕೊಟ್ಟು ಫೋಟೋಗೆ ನಿಂತು ಇಳಿಯುವಷ್ಟರಲ್ಲಿ ಮುಂದಿನ ಕುಟುಂಬ ಮೆಟ್ಟಿಲು ಹತ್ತಿರುತ್ತದೆ. ಹಿಂದೆ ಸಿಂಹಾಸನದಂಥ ಕುರ್ಚಿ ಇದ್ದರೂ ಕೂರಲು ಬಿಡುವು ಸಿಗುವುದಿಲ್ಲ. ಅಲ್ಲಿ ನಡೆಯುವುದು ಕಡಿಮೆ, ಒಂದೇ ಕಡೆ ನಿಲ್ಲುವುದೇ ಹೆಚ್ಚು. ಆದ್ದರಿಂದ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡಿದಾಗ ಹಿತವೆನಿಸಿದ ಚಪ್ಪಲಿ ವೇದಿಕೆಯ ಮೇಲೆ ಕೈಕೊಡುವುದುಂಟು.

ನಡೆಯುವುದಕ್ಕಿಂತ ನಿಲ್ಲುವುದು ಕಾಲಿಗೆ ಕಷ್ಟ. ನಡೆಯುವಾಗ ಮೀನಖಂಡದ ಸ್ನಾಯು ಹೆಜ್ಜೆಹೆಜ್ಜೆಗೂ ಬಿಗಿದು ಸಡಿಲವಾಗುತ್ತ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ನಿಂತಲ್ಲೇ ನಿಂತರೆ ಈ ಒತ್ತುವಿಕೆ ಕಡಿಮೆಯಾಗಿ ರಕ್ತ ಕೆಳಗೇ ತಂಗುತ್ತದೆ, ಪಾದ ಬಾತುಕೊಳ್ಳುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಚಪ್ಪಲಿ ರಾತ್ರಿ ಒಂಬತ್ತರ ಹೊತ್ತಿಗೆ ಬಿಗಿಯುವುದು ಇದರಿಂದಲೇ. ಹೀಲ್ ಸೇರಿದರೆ ಇನ್ನೊಂದು ತೊಂದರೆ. ಸಮತಟ್ಟಾಗಿ ನಿಂತಾಗ ಮೈಭಾರದ ಹೆಚ್ಚಿನ ಪಾಲು ಹಿಮ್ಮಡಿಯ ಮೇಲಿರುತ್ತದೆ. ಹಿಮ್ಮಡಿ ಎತ್ತರವಾದಷ್ಟೂ ಆ ಭಾರ ಮುಂದಕ್ಕೆ, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಬುಡಕ್ಕೆ ಸರಿಯುತ್ತದೆ. ಪಾದವೂ ಇಳಿಜಾರಿನಲ್ಲಿ ಜಾರಿ ಬೆರಳುಗಳು ಮುಂದಿನ ಪಟ್ಟಿಗೆ ಒತ್ತಿಕೊಳ್ಳುತ್ತವೆ. ಮೊದಲು ಅಂಗಾಲಿನ ಮುಂಭಾಗದಲ್ಲಿ ಉರಿ, ಆಮೇಲೆ ಬೆರಳುಗಳಲ್ಲಿ ಜೋಮು. ಜೋಮು ಹಿಡಿದರೆ ನರ ಒತ್ತಿಕೊಂಡಿದೆ ಎಂದರ್ಥ. ಅಷ್ಟಾದ ಮೇಲೆ ಪಟ್ಟಿ ಸಡಿಲಿಸಿದರೂ ಅದು ತಕ್ಷಣ ಇಳಿಯುವುದಿಲ್ಲ.

ಕಾಲಿಗೆ ನೋವು ಕೊಡುವುದು ಹೀಲ್‌ನ ಎತ್ತರಕ್ಕಿಂತ ಪಾದದ ಇಳಿಜಾರು. ಮುಂಭಾಗದಲ್ಲೂ ದಪ್ಪ ಅಟ್ಟೆ ಇರುವ ಪ್ಲಾಟ್‌ಫಾರ್ಮ್ ಚಪ್ಪಲಿಯಲ್ಲಿ ಹಿಂದೆ ಮೂರು ಇಂಚು, ಮುಂದೆ ಒಂದು ಇಂಚು ಇದ್ದರೆ ಕಾಲಿಗೆ ತಗಲುವ ಇಳಿಜಾರು ಎರಡೇ ಇಂಚಿನದು. ಮುಂದೆ ತೆಳ್ಳಗಿದ್ದು ಹಿಂದೆ ಎರಡೂವರೆ ಇಂಚು ಇರುವ ಚಪ್ಪಲಿ ನೋಡಲು ಗಿಡ್ಡವಾದರೂ ಇದಕ್ಕಿಂತ ಹೆಚ್ಚು ನೋಯಿಸುತ್ತದೆ. ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದು ಲಾಭವೂ ಇದೆ. ಬರೀ ಹಿಮ್ಮಡಿ ಎತ್ತಿದರೆ ಪಾದ ಓರೆಯಾಗುವುದರಿಂದ ಹೀಲ್ ಇದ್ದಷ್ಟೂ ಎತ್ತರ ಮೈಗೆ ಬರುವುದಿಲ್ಲ; ಮುಂದಿನ ಅಟ್ಟೆಯ ದಪ್ಪ ಮಾತ್ರ ಪೂರ್ತಿ ದಕ್ಕುತ್ತದೆ. ಹೀಲ್ಸ್ ಹಾಕಿ ಅಭ್ಯಾಸವಿರುವವರಿಗೆ ಎರಡು ಇಂಚಿನ ಇಳಿಜಾರು ಮೂರು ಗಂಟೆಯ ನಿಲುವಿಗೆ ಮೇಲಿನ ಮಿತಿ ಎನ್ನಬಹುದು. ಅಭ್ಯಾಸವಿಲ್ಲದವರು ಒಂದು, ಒಂದೂವರೆಗೇ ನಿಲ್ಲಿಸುವುದು ಲೇಸು. ಮದುಮಗನ ಎತ್ತರಕ್ಕೆ ಸರಿಗಟ್ಟಬೇಕೆಂದು ಫೋಟೋದವರು ನಾಲ್ಕು ಇಂಚು ಕೇಳಿದರೂ ನೋವಿನಿಂದ ಸೊಟ್ಟಗಾದ ಮುಖವನ್ನು ಆಲ್ಬಮ್ಮಿನಲ್ಲಿ ಅವರು ಸರಿಮಾಡಿಕೊಡಲಾರರು. ಎತ್ತರ ಬೇಕೇ ಬೇಕೆಂದರೆ ಅದನ್ನು ಮುಂದಿನ ಅಟ್ಟೆಯಿಂದ ಪಡೆಯಬೇಕು. ಆದರೆ ಅದೂ ಒಂದು ಇಂಚು ದಾಟಿದರೆ ನೆಲದ ಅಂದಾಜು ತಪ್ಪಿ ಮೆಟ್ಟಿಲಲ್ಲಿ ಕಾಲು ಉಳುಕಬಹುದು.

ಹೀಲ್‌ನ ಅಗಲದ ಲೆಕ್ಕ ಸುಲಭ. ಪೆನ್ಸಿಲ್ ಹೀಲ್ ವೇದಿಕೆಗೆ ಆಗದು. ಹಲಗೆಗಳ ಮೇಲೆ ಹಾಸಿದ ಕಾರ್ಪೆಟ್‌ನಲ್ಲಿ ಅದು ಹುದುಗುತ್ತದೆ, ಹಲಗೆಯ ಸಂದಿಗೂ ಸಿಕ್ಕಿಕೊಳ್ಳುತ್ತದೆ. ಅಗಲ ಬುಡದ ಬ್ಲಾಕ್ ಹೀಲ್ ಅಥವಾ ಅಟ್ಟೆಯುದ್ದಕ್ಕೂ ತುಂಬಿಕೊಂಡ ವೆಜ್ ಹೀಲ್ ಗಟ್ಟಿಯಾಗಿ ನಿಲ್ಲುತ್ತದೆ. ಅದು ಹಿಮ್ಮಡಿಯ ನಟ್ಟನಡುವಿನ ಕೆಳಗೇ ಇದೆಯೇ ಎಂದು ಪಕ್ಕದಿಂದ ನೋಡಬೇಕು. ತೀರಾ ಹಿಂದಕ್ಕೆ ಸರಿದಿದ್ದರೆ ನಿಂತಾಗ ಅಲುಗಾಡುತ್ತದೆ. ಛತ್ರದ ಗ್ರಾನೈಟ್ ನೆಲದ ಮೇಲೆ ಬಿದ್ದ ಹೂವಿನ ಎಸಳು, ಪನ್ನೀರಿನ ಹನಿಗಳ ಮೇಲೆ ಹೊಸ ಚಪ್ಪಲಿಯ ನುಣುಪು ತಳ ಜಾರುತ್ತದೆ. ಅದಕ್ಕೆ ತಳವನ್ನು ಉಪ್ಪುಕಾಗದದಿಂದ ಅಡ್ಡಡ್ಡ ಉಜ್ಜಿ ಒರಟು ಮಾಡಿಕೊಂಡರೆ ಸಾಕು.

ಒಳಗಿನ ಮೆತ್ತೆಯಲ್ಲಿ ಮೋಸ ಹೋಗುವವರೇ ಹೆಚ್ಚು. ಅಂಗಡಿಯಲ್ಲಿ ದಿಂಬಿನಂತೆ ಹಿತವೆನಿಸುವ ಮೆತ್ತನೆ ಫೋಮ್ ಮೈಭಾರಕ್ಕೆ ಬೇಗ ಚಪ್ಪಟೆಯಾಗಿ, ಸ್ವಲ್ಪ ಹೊತ್ತಿನಲ್ಲೇ ಗಟ್ಟಿ ತಳ ಕಾಲಿಗೆ ತಾಗುತ್ತದೆ. ಬೆರಳ ಬುಡ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಹತ್ತು ಸೆಕೆಂಡು ಜೋರಾಗಿ ಒತ್ತಿ ಹಿಡಿದು ಬಿಟ್ಟರೆ ಇದು ಗೊತ್ತಾಗುತ್ತದೆ. ಒತ್ತಿದಾಗ ಕೆಳಗಿನ ಗಟ್ಟಿ ತಳ ಬೆರಳಿಗೆ ಸಿಗಬಾರದು, ಬಿಟ್ಟ ಕೂಡಲೇ ಗುಳಿ ಮೇಲೇಳಬೇಕು. ಆಮೇಲೆ ಚಪ್ಪಲಿಯನ್ನು ಎರಡೂ ತುದಿ ಹಿಡಿದು ಬಗ್ಗಿಸಬೇಕು. ಅದು ಬೆರಳುಗಳ ಬುಡದಲ್ಲಿ ಮಾತ್ರ ಬಗ್ಗಬೇಕು. ನಡು ಬಗ್ಗಿದರೆ ಅಥವಾ ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಪಾದದ ಕಮಾನಿಗೆ ಆಸರೆ ಇಲ್ಲ. ಚಪ್ಪಲಿ ಚೆನ್ನಾಗಿದ್ದು ಮುಂಭಾಗದಲ್ಲಷ್ಟೇ ಮೆತ್ತೆ ಸಾಲದಿದ್ದರೆ ಸಿಲಿಕೋನ್ ಪ್ಯಾಡ್ ಇಟ್ಟುಕೊಳ್ಳಬಹುದು. ಆದರೆ ಪ್ಯಾಡ್ ಜಾಗ ತಿನ್ನುತ್ತದೆ. ಬಿಗಿಯಾದ ಚಪ್ಪಲಿಯೊಳಗೆ ಪ್ಯಾಡ್ ತುರುಕಿದರೆ ಮೊದಲೇ ಇದ್ದ ಒತ್ತಡ ಇಮ್ಮಡಿಯಾಗುತ್ತದೆ. ಆದ್ದರಿಂದ ಕೊಳ್ಳುವಾಗಲೇ ಪ್ಯಾಡ್ ಇಟ್ಟು ನೋಡಬೇಕು. ಅದೂ ಪಾದ ಸ್ವಲ್ಪ ಬಾತಿರುವ ಸಂಜೆಯ ಹೊತ್ತು, ಅಂಗಡಿಯ ಕಾರ್ಪೆಟ್ ಬಿಟ್ಟು ಗಟ್ಟಿ ನೆಲದ ಮೇಲೆ.

ಚಪ್ಪಲಿ ಎಷ್ಟೇ ಹಿತವಾಗಿದ್ದರೂ ಅದಕ್ಕೊಂದು ಕಟ್ಟು ಬೀಳುವುದು ಸೀರೆಯಿಂದ. ಸೀರೆ ಒಮ್ಮೆ ಉಟ್ಟು ನಿರಿಗೆಗೆ ಪಿನ್ ಹಾಕಿದ ಮೇಲೆ ಅದರ ಅಂಚು ಒಂದೇ ಎತ್ತರಕ್ಕೆ ಒಪ್ಪುತ್ತದೆ. ಅದಕ್ಕಿಂತ ಗಿಡ್ಡ ಚಪ್ಪಲಿ ಹಾಕಿದರೆ ಅಂಚು ನೆಲಕ್ಕೆ ಬಿದ್ದು ಕಾಲಿಗೆ ಸಿಗುತ್ತದೆ. ಎತ್ತರದ್ದು ಹಾಕಿದರೆ ಅಂಚು ಮೇಲೇರಿ ಕಾಲು ಕಾಣುತ್ತದೆ. ನೋವು ಶುರುವಾದ ಮೇಲೆ ಹೀಲ್ಸ್ ಬಿಚ್ಚಿ ಚಪ್ಪಟೆ ಚಪ್ಪಲಿ ಹಾಕಿಕೊಂಡರಾಯಿತು ಎಂಬ ಯೋಜನೆ ಸೀರೆಯ ಮಟ್ಟಿಗೆ ನಡೆಯದಿರುವುದು ಇದಕ್ಕೇ. ಕೊನೆಯ ಗಂಟೆಯಲ್ಲೂ ತಾಳಿಕೊಳ್ಳಬಲ್ಲ ಎತ್ತರ ಯಾವುದೋ ಅದನ್ನೇ ಮೊದಲು ನಿಶ್ಚಯಿಸಿ, ಆ ಚಪ್ಪಲಿ ಹಾಕಿಕೊಂಡೇ ಸೀರೆ ಉಡಬೇಕು.

ಐದು ಅಡಿ ಎರಡು ಇಂಚಿನ ಮದುಮಗಳೊಬ್ಬಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಒಳಲಂಗದ ಲಾಡಿ ಕಟ್ಟುವ ಜಾಗ ಬರಿಗಾಲಿನಲ್ಲಿ ನೆಲದಿಂದ ಸುಮಾರು 38 ಇಂಚು ಮೇಲಿದೆ. ಹಿಂದೆ ಎರಡೂವರೆ, ಮುಂದೆ ಮುಕ್ಕಾಲು ಇಂಚಿನ ಬ್ಲಾಕ್ ಹೀಲ್ ಹಾಕಿದಾಗ ಅದು ಸುಮಾರು 40 ಇಂಚಿಗೆ ಏರುತ್ತದೆ. ರೇಷ್ಮೆ ಸೀರೆಯ ಅಗಲ 46 ಇಂಚು ಎಂದುಕೊಂಡರೆ, ಅಂಚು ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲಲು ಆರೂವರೆ ಇಂಚು ಸೊಂಟದಲ್ಲಿ ಒಳಸೇರುತ್ತದೆ. ನಿರಿಗೆ ಜಾರದಿರಲು ಇದು ಧಾರಾಳ. ಒಳಲಂಗವನ್ನು ಸೀರೆಯ ಅಂಚಿಗಿಂತ ಒಂದು ಇಂಚು ಗಿಡ್ಡಕ್ಕೆ ಹೊಲಿಸಿದರೆ ಆಯಿತು. ಈಕೆ ಬಿಡುವಿಗೆಂದು ಇನ್ನೊಂದು ಜೊತೆ ಇಟ್ಟುಕೊಳ್ಳುವುದಾದರೆ ಅದೂ ಒಂದೂವರೆ ಇಂಚಿನಷ್ಟು ಸಮ ದಪ್ಪದ ಅಟ್ಟೆಯದಾಗಿರಬೇಕು. ಆಗ ಸೊಂಟ ಅರ್ಧ ಇಂಚಿನಷ್ಟೇ ಇಳಿಯುತ್ತದೆ, ಅಂಚು ನೆಲ ಸೋಕಿದರೂ ಎಳೆಯುವುದಿಲ್ಲ. ಇಳಿಜಾರಿಲ್ಲದ ಕಾರಣ ಬೆರಳ ಬುಡಕ್ಕೂ ಬಿಡುವು ಸಿಗುತ್ತದೆ. ಐದು ಅಡಿ ಎಂಟು ಇಂಚಿನವಳ ಕಥೆ ಬೇರೆ. ಅವಳ ಲಾಡಿಯೇ ಸುಮಾರು 42 ಇಂಚಿನಲ್ಲಿರುತ್ತದೆ. ಮೂರು ಇಂಚು ಏರಿದರೆ 46 ಇಂಚಿನ ಸೀರೆಯಲ್ಲಿ ಒಳಸೇರಿಸಲು ಒಂದೂವರೆ ಇಂಚಷ್ಟೇ ಉಳಿಯುತ್ತದೆ. ಎತ್ತರದ ಹೆಣ್ಣುಮಕ್ಕಳಿಗೆ ಹೀಲ್ಸ್‌ನ ಮಿತಿಯನ್ನು ಕಾಲಿಗಿಂತ ಮೊದಲು ಸೀರೆಯ ಅಗಲವೇ ಹೇಳಿಬಿಡುತ್ತದೆ.

ಬಣ್ಣದ ಹೊಂದಾಣಿಕೆಗೆ ಜನ ಪಡುವ ಪಾಡು ಅಗತ್ಯಕ್ಕಿಂತ ಹೆಚ್ಚು. ಅಂಚು ಸರಿಯಾಗಿ ಕೂತ ಸೀರೆಯಲ್ಲಿ ಚಪ್ಪಲಿಯ ಮುಂತುದಿ ಮಾತ್ರ ಕಾಣುತ್ತದೆ. ಆ ತುದಿಯ ಪಕ್ಕದಲ್ಲಿರುವುದು ಸೀರೆಯ ಒಡಲಲ್ಲ, ಅಂಚು. ಹೀಗಾಗಿ ಒಡಲಿನ ಕೆಂಪು, ಹಸಿರಿಗೆ ಜೋಡಿ ಹುಡುಕುವ ಬದಲು ಜರಿಗೆ ಹೊಂದಿಸಿದರೆ ಒಂದೇ ಜೊತೆ ಹಲವು ಸೀರೆಗಳಿಗೆ ಬರುತ್ತದೆ. ಹೊಳಪು ಜರಿಗೆ ಬಂಗಾರದ ಬಣ್ಣ, ಮಾಸಲು ಜರಿಗೆ ತಾಮ್ರದ ಛಾಯೆ, ಬೆಳ್ಳಿ ಜರಿಗೆ ಬೆಳ್ಳಿಯದೇ. ಬಟ್ಟೆಯ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಕಾಂಚೀಪುರಂ ರೇಷ್ಮೆ ಬಿರುಸಾಗಿ ಕಾಲಿನಿಂದ ದೂರ ನಿಲ್ಲುವುದರಿಂದ ದಪ್ಪ ಬ್ಲಾಕ್ ಹೀಲ್ ಅಡಗಿಹೋಗುತ್ತದೆ. ಮೈಸೂರು ಸಿಲ್ಕ್‌ನ ಕ್ರೇಪ್ ಮೈಗೆ ಅಂಟಿ ಇಳಿಬೀಳುತ್ತದೆ. ಅದರಡಿ ಪ್ಲಾಟ್‌ಫಾರ್ಮ್‌ನ ಉಬ್ಬು ಎದ್ದು ಕಾಣುವುದರಿಂದ ತೆಳು ಅಟ್ಟೆಯ, ಗಿಡ್ಡ ಹೀಲ್ ಚೆಂದ.

ಹರಳು, ಮಣಿ, ಚೂಪು ಬಕಲ್ ಇರುವ ಚಪ್ಪಲಿ ಜರಿಯ ಎಳೆಯನ್ನೂ ಫಾಲ್‌ನ ಹೊಲಿಗೆಯನ್ನೂ ಕಿತ್ತು ತೆಗೆಯುತ್ತದೆ. ಹತ್ತಿಯ ಉಂಡೆಯೊಂದನ್ನು ಚಪ್ಪಲಿಯ ಮೇಲೆ ಸವರಿ ನೋಡಿದರೆ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ಸೀರೆಯೂ ಸಿಕ್ಕಿಕೊಳ್ಳುತ್ತದೆ. ಆರತಕ್ಷತೆ ಮುಹೂರ್ತದ ನಂತರವಿದ್ದರೆ ಆ ಹೊತ್ತಿಗೆ ಕಾಲುಂಗುರ ಬಂದಿರುತ್ತದೆ. ಮುಂಭಾಗ ಮುಚ್ಚಿದ ಚಪ್ಪಲಿಯಲ್ಲಿ ಅದು ಪಕ್ಕದ ಬೆರಳಿಗೆ ಒತ್ತಿ ಗಾಯ ಮಾಡುತ್ತದೆ. ಬೆರಳು ತೆರೆದಿರುವ, ಅಗಲ ಪಟ್ಟಿಯ ಚಪ್ಪಲಿಯೇ ಸರಿ.

ಮದುಮಗಳ ತಾಯಿ, ಅತ್ತೆಯರ ಅಗತ್ಯ ಬೇರೆ. ಅವರು ನಿಲ್ಲುವುದಕ್ಕಿಂತ ಊಟದ ಹಾಲ್, ಬಾಗಿಲು, ವೇದಿಕೆಗಳ ನಡುವೆ ಓಡಾಡುವುದು ಹೆಚ್ಚು, ಮಧ್ಯೆ ಶಾಸ್ತ್ರಗಳಿಗಾಗಿ ಹತ್ತಾರು ಸಲ ಚಪ್ಪಲಿ ಬಿಡಬೇಕು. ಅವರ ಸೀರೆಯ ಅಂಚನ್ನು ಬರಿಗಾಲಿನ ಅಳತೆಗೇ ಉಡಿಸಿ, ಒಂದು ಇಂಚು ಮೀರದ, ಬಕಲ್ ಇಲ್ಲದ ವೆಜ್ ಕೊಟ್ಟರೆ ಎರಡೂ ಸ್ಥಿತಿಗೆ ಒಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾಗಿರುವವರಿಗೆ ಉರಿ, ಜೋಮುಗಳ ಎಚ್ಚರಿಕೆ ಸಿಗುವುದೇ ಇಲ್ಲ. ಬೊಬ್ಬೆ ಒಡೆದರೂ ತಿಳಿಯದು. ಅವರು ಹೊಸ ಚಪ್ಪಲಿಯನ್ನು ಮದುವೆಯ ದಿನವೇ ಮೊದಲ ಸಲ ಹಾಕಬಾರದು. ವಾರ ಮೊದಲಿನಿಂದ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಹಾಕಿ, ಬಿಚ್ಚಿದ ಮೇಲೆ ಅಂಗಾಲಿನಲ್ಲಿ ಕೆಂಪು ಗುರುತು ಎಲ್ಲಿ ಮೂಡಿದೆ, ಎಷ್ಟು ಹೊತ್ತು ಉಳಿದಿದೆ ಎಂದು ಮನೆಯವರಿಂದ ನೋಡಿಸಿಕೊಳ್ಳಬೇಕು. ಅರ್ಧ ಗಂಟೆಯಾದರೂ ಗುರುತು ಮಾಸದಿದ್ದರೆ ಆ ಜೊತೆಯನ್ನು ಮದುವೆಗೆ ಹಾಕಬಾರದು.