ಗಲ್ಲಾಪೆಟ್ಟಿಗೆಯ ಲಾಭ ನಿಜವಾದ ಲಾಭವೇ? ನಿಮ್ಮೂರ ಕೆಫೆ ಫ್ರಾಂಚೈಸಿ ಕೊಡುವ ಮುನ್ನ ಮಾಡಬೇಕಾದ ಲೆಕ್ಕ

“ಅಣ್ಣಾ, ನಮ್ಮ ಏರಿಯಾದಲ್ಲೂ ಒಂದು ಬ್ರಾಂಚ್ ಮಾಡಿ. ದುಡ್ಡು ನಾನು ಹಾಕ್ತೀನಿ, ಹೆಸರು ನಿಮ್ಮದು.”

ಚೆನ್ನಾಗಿ ನಡೆಯುತ್ತಿರುವ ಯಾವುದೇ ದರ್ಶಿನಿ ಅಥವಾ ಫಿಲ್ಟರ್ ಕಾಫಿ ಅಂಗಡಿಯ ಮಾಲೀಕರು ಈ ಮಾತನ್ನು ಒಂದಲ್ಲ ಒಂದು ದಿನ ಕೇಳಿಯೇ ಇರುತ್ತಾರೆ. ಕೇಳುವವರು ಯಾರು? ಸ್ವಯಂನಿವೃತ್ತಿ ತೆಗೆದುಕೊಂಡ ಬ್ಯಾಂಕ್ ನೌಕರರು, ಕೆಲಸ ಬಿಟ್ಟು ಊರಿಗೆ ಬಂದ ಐಟಿ ಹುಡುಗರು, ಸೈಟು ಮಾರಿದ ದುಡ್ಡು ಕೈಯಲ್ಲಿರುವ ಕುಟುಂಬಗಳು. ಅಂದರೆ ಈ ವ್ಯವಹಾರದಲ್ಲಿ ಮೊದಲು ಪಣಕ್ಕೆ ಬೀಳುವುದು ಕೆಫೆ ಮಾಲೀಕನ ದುಡ್ಡಲ್ಲ, ಇನ್ನೊಬ್ಬರ ಜೀವಮಾನದ ಉಳಿತಾಯ. ಹಾಗಾಗಿ ಎಷ್ಟು ಫೀಸು ಕೇಳಬಹುದು ಅನ್ನೋದು ಎರಡನೇ ಪ್ರಶ್ನೆ. ನಾನು ಗಲ್ಲಾದಲ್ಲಿ ಕೂರದೇ ಹೋದರೂ ಈ ಅಂಗಡಿ ಲಾಭ ಮಾಡುತ್ತಾ ಅನ್ನೋದು ಮೊದಲನೆಯದು.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾವು ಹಾಕಿಕೊಂಡವು. ನಿಮ್ಮ ಅಂಗಡಿಯ ಅಂಕಿಗಳನ್ನು ಇದೇ ಜಾಗದಲ್ಲಿ ಇಟ್ಟು ನೋಡಬಹುದು.

28 ಪರ್ಸೆಂಟ್ ಲಾಭ 12 ಆಗುವುದು ಹೇಗೆ?

ಮೈಸೂರಿನ ಒಂದು ಬಡಾವಣೆಯಲ್ಲಿ ಗಂಡ-ಹೆಂಡತಿ ನಡೆಸುವ ಕೆಫೆ. ಕಾಫಿ, ಇಡ್ಲಿ-ವಡೆ, ದೋಸೆ. ದಿನಕ್ಕೆ 400 ಬಿಲ್, ಜಿಎಸ್‌ಟಿ ಬಿಟ್ಟು ಒಂದು ಬಿಲ್‌ಗೆ ಸರಾಸರಿ 75 ರೂಪಾಯಿ. ತಿಂಗಳಿಗೆ 9 ಲಕ್ಷ ರೂಪಾಯಿ ವ್ಯಾಪಾರ.

ಅವರ ಪುಸ್ತಕದಲ್ಲಿರುವ ಖರ್ಚು ಹೀಗಿದೆ. ಹಾಲು, ಕಾಫಿಪುಡಿ, ಅಕ್ಕಿ, ಬೇಳೆ, ಎಣ್ಣೆ, ಪಾರ್ಸೆಲ್ ಸಾಮಾನು ಸೇರಿ 3,15,000. ಗ್ಯಾಸ್, ಕರೆಂಟ್, ನೀರು 63,000. ಒಂಬತ್ತು ಜನರ ಸಂಬಳ 1,80,000. ಬಾಡಿಗೆ 45,000. ರಿಪೇರಿ, ಕ್ಲೀನಿಂಗ್, ಅಕೌಂಟೆಂಟ್ ಇತ್ಯಾದಿ 45,000. ಒಟ್ಟು 6,48,000. ಉಳಿದಿದ್ದು 2,52,000, ಅಂದರೆ ವ್ಯಾಪಾರದ 28 ಪರ್ಸೆಂಟ್. “ಇಷ್ಟು ಲಾಭ ಇರೋವಾಗ ಫ್ರಾಂಚೈಸಿ ಕೊಟ್ಟರೆ ತಪ್ಪೇನು?” ಅಂತ ಯಾರಿಗಾದರೂ ಅನಿಸುತ್ತೆ.

ಆದರೆ ಈ ಪುಸ್ತಕದಲ್ಲಿ ಬರೆಯದ ಖರ್ಚುಗಳಿವೆ. ಬೆಳಿಗ್ಗೆ ಐದಕ್ಕೆ ಬಂದು ಹಿಟ್ಟಿನ ಹದ ನೋಡಿ, ರಾತ್ರಿ ಹತ್ತಕ್ಕೆ ಬೀಗ ಹಾಕುವ ಮಾಲೀಕ ಸಂಬಳ ತೆಗೆದುಕೊಳ್ಳುತ್ತಿಲ್ಲ. ಆ ಜಾಗಕ್ಕೆ ಅಡುಗೆಮನೆ ಗೊತ್ತಿರುವ ಮ್ಯಾನೇಜರ್ ಬೇಕೆಂದರೆ 45,000 ಇಡಬೇಕು. ಗಲ್ಲಾದಲ್ಲಿ ಕೂರುವ ಹೆಂಡತಿಯ ದುಡಿಮೆಗೂ ಸಂಬಳವಿಲ್ಲ. ಅಲ್ಲಿಗೊಬ್ಬ ಕ್ಯಾಶಿಯರ್ ಅಂದರೆ 20,000. ಒಂಬತ್ತು ಇದ್ದ ನೌಕರರು ಈಗ ಹನ್ನೊಂದಾದರು, ಹತ್ತು ದಾಟಿದ್ದಕ್ಕೆ ಇಎಸ್‌ಐ ಬಂತು. ವಾರದ ರಜೆಗೆ ಬದಲಿ ಆಳೂ ಬೇಕು. ಎರಡೂ ಸೇರಿ 30,000. ಬಾಡಿಗೆಯಂತೂ ಹತ್ತು ವರ್ಷದ ಹಿಂದಿನ ಕರಾರಿನದ್ದು. ಅದೇ ಅಳತೆಯ ಮಳಿಗೆಯನ್ನು ಇವತ್ತು ಹುಡುಕಿದರೆ ಜಿಎಸ್‌ಟಿ ಸೇರಿ 90,000.

ಇವೆಲ್ಲ ಸೇರಿಸಿದರೆ ಖರ್ಚು ಇನ್ನೂ 1,40,000 ಹೆಚ್ಚುತ್ತೆ. ಲಾಭ 1,12,000ಕ್ಕೆ ಇಳಿಯುತ್ತೆ. 28 ಪರ್ಸೆಂಟ್ ಇದ್ದದ್ದು ಹನ್ನೆರಡೂವರೆಯ ಹತ್ತಿರಕ್ಕೆ ಬಂತು.

ಮೊದಲ ಅಂಕಿ ಸುಳ್ಳೇನಲ್ಲ. ಅದು ಅಂಗಡಿಯ ಲಾಭ, ಎರಡು ಜನರ ಕೂಲಿ, ಹಳೆಯ ಬಾಡಿಗೆಯ ಅನುಕೂಲ ಮೂರನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟ ಮೊತ್ತ, ಅಷ್ಟೇ. ಫ್ರಾಂಚೈಸಿ ತೆಗೆದುಕೊಳ್ಳುವವರಿಗೆ ಇದರಲ್ಲಿ ಸಿಗುವುದು ಮೊದಲನೆಯದು ಮಾತ್ರ.

ರಾಯಲ್ಟಿ ಮೇಲಿನ ಜಿಎಸ್‌ಟಿ ಯಾರ ಜೇಬಿನಿಂದ?

ಈಗ ಫೀಸಿನ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಮೂರು ಬಾಬತ್ತು ಇರುತ್ತವೆ: ಆರಂಭದಲ್ಲಿ ಒಂದೇ ಸಲ ಕೊಡುವ ಪ್ರವೇಶ ಶುಲ್ಕ, ತಿಂಗಳ ವ್ಯಾಪಾರದ ಮೇಲೆ ಪರ್ಸೆಂಟ್ ಲೆಕ್ಕದ ರಾಯಲ್ಟಿ, ಮತ್ತು ಪ್ರಚಾರದ ನಿಧಿ. ಬೇರೆಯವರನ್ನು ನೋಡಿ ನಮ್ಮ ಮಾಲೀಕರೂ “5 ಲಕ್ಷ ಫೀಸು, 6 ಪರ್ಸೆಂಟ್ ರಾಯಲ್ಟಿ, 2 ಪರ್ಸೆಂಟ್ ಪ್ರಚಾರಕ್ಕೆ” ಅಂತ ಬರೆದರು ಅಂದುಕೊಳ್ಳಿ.

8 ಪರ್ಸೆಂಟ್ ಅಂದರೆ ತಿಂಗಳಿಗೆ 72,000. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ, 12,960 ರೂಪಾಯಿ. ಬೇರೆ ವ್ಯಾಪಾರದಲ್ಲಾದರೆ ಹೀಗೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು. ಇಂಥ ಹೋಟೆಲುಗಳಿಗೆ ಅದಿಲ್ಲ. 2017ರ ನವೆಂಬರ್‌ನಿಂದ ಇವು ಗ್ರಾಹಕರಿಂದ 5 ಪರ್ಸೆಂಟ್ ಜಿಎಸ್‌ಟಿ ಪಡೆಯುತ್ತವೆ, ಆದರೆ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ. ಹಾಗಾಗಿ ಆ 12,960 ನೇರವಾಗಿ ಫ್ರಾಂಚೈಸಿ ಪಡೆದವರ ಖರ್ಚು. ಒಟ್ಟು 84,960 ಹೋಯಿತು, ಉಳಿದಿದ್ದು 27,040.

ಹಾಕಿದ ಬಂಡವಾಳ ಎಷ್ಟು? ಒಳಾಂಗಣ, ಅಡುಗೆಮನೆ, ಯಂತ್ರಗಳಿಗೆ 22 ಲಕ್ಷ, ಮಳಿಗೆಯ ಅಡ್ವಾನ್ಸ್ 9 ಲಕ್ಷ, ಫೀಸು ಜಿಎಸ್‌ಟಿ ಸೇರಿ 5.9 ಲಕ್ಷ. ಹತ್ತಿರ ಹತ್ತಿರ 37 ಲಕ್ಷ ಹಾಕಿ ವರ್ಷಕ್ಕೆ ಸಿಗುವುದು ಸುಮಾರು 3.25 ಲಕ್ಷ. ಅಡ್ವಾನ್ಸ್ ಕೊನೆಗೆ ವಾಪಸ್ ಬರುತ್ತೆ ಅಂತ ಬಿಟ್ಟರೂ ಉಳಿದದ್ದು ಮರಳಲು ಎಂಟೂವರೆ ವರ್ಷ ಬೇಕು. ಅಷ್ಟರೊಳಗೆ ಗ್ರೈಂಡರ್, ಫ್ರಿಜ್ ಬದಲಾಯಿಸುವ ಕಾಲ ಬಂದಿರುತ್ತೆ. ಸಾಲ ತೆಗೆದಿದ್ದರೆ ಬಡ್ಡಿಯೇ ಈ ದುಡ್ಡನ್ನು ನುಂಗುತ್ತೆ.

ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ

ಸರಿಯಾದ ದಾರಿ ತಿರುವುಮುರುವು. ಮೊದಲು ಫ್ರಾಂಚೈಸಿ ಪಡೆದವರಿಗೆ ಎಷ್ಟು ಉಳಿಯಬೇಕು ಅಂತ ತೀರ್ಮಾನಿಸಿ, ಮಿಕ್ಕಿದ್ದರಲ್ಲಿ ರಾಯಲ್ಟಿ ಹುಡುಕಬೇಕು.

ಅಡ್ವಾನ್ಸ್ ಬಿಟ್ಟು ಉಳಿದ ಬಂಡವಾಳ ಮೂರು ವರ್ಷದಲ್ಲಿ ಮರಳಬೇಕು ಅಂತಿಟ್ಟುಕೊಳ್ಳಿ. ಪ್ರವೇಶ ಶುಲ್ಕವನ್ನು 2.5 ಲಕ್ಷಕ್ಕೆ ಇಳಿಸಿದರೆ ಮರಳಬೇಕಾದದ್ದು ಸುಮಾರು 25 ಲಕ್ಷ, ತಿಂಗಳಿಗೆ ಹೆಚ್ಚುಕಡಿಮೆ 70,000. 1,12,000ದಲ್ಲಿ ಅದನ್ನು ಕಳೆದರೆ 42,000 ಮಿಕ್ಕುತ್ತೆ. ಅದರಲ್ಲೇ ಜಿಎಸ್‌ಟಿಯೂ ಬರಬೇಕು. ಹಾಗಾದರೆ ರಾಯಲ್ಟಿ 36,000ದ ಆಸುಪಾಸು, ವ್ಯಾಪಾರದ 4 ಪರ್ಸೆಂಟ್. ಪ್ರಚಾರವೂ ಇದರಲ್ಲೇ ಆಗಬೇಕು. ಈ ಅಂಗಡಿ ಹೊರಬಲ್ಲ ಭಾರ ಇಷ್ಟೇ.

ಇದೂ ಹೊಸ ಅಂಗಡಿಯಲ್ಲಿ ದಿನಕ್ಕೆ 400 ಬಿಲ್ ಆಗುತ್ತೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಸಾಮಗ್ರಿ, ಗ್ಯಾಸ್-ಕರೆಂಟಿನ ಖರ್ಚು ವ್ಯಾಪಾರದ ಜೊತೆ ಏರಿಳಿಯುತ್ತೆ, 100 ರೂಪಾಯಿಗೆ 42 ರೂಪಾಯಿ. ಆದರೆ ಸಂಬಳ, ಬಾಡಿಗೆ, ಇತರೆ ಸೇರಿ 4,10,000 ಮಾತ್ರ ಜನ ಬಂದರೂ ಬಾರದಿದ್ದರೂ ಕಟ್ಟಲೇಬೇಕು. ಇದನ್ನು ದಾಟಲು, 4 ಪರ್ಸೆಂಟ್ ರಾಯಲ್ಟಿ ಮತ್ತದರ ಜಿಎಸ್‌ಟಿ ಸೇರಿ, ದಿನಕ್ಕೆ ಸುಮಾರು 342 ಬಿಲ್ ಆಗಬೇಕು. ವ್ಯಾಪಾರ 20 ಪರ್ಸೆಂಟ್ ಕಡಿಮೆಯಾಗಿ 320 ಬಿಲ್‌ಗೆ ನಿಂತರೆ ತಿಂಗಳಿಗೆ 26,000ಕ್ಕೂ ಹೆಚ್ಚು ನಷ್ಟ. ಆ ತಿಂಗಳೂ ರಾಯಲ್ಟಿಯಾಗಿ 28,800 ರೂಪಾಯಿ ಮಾಲೀಕರ ಖಾತೆಗೆ ಹೋಗುತ್ತೆ.

ರಾಯಲ್ಟಿಯನ್ನು ಲಾಭದ ಮೇಲೆ ಹಾಕದೆ ವ್ಯಾಪಾರದ ಮೇಲೆ ಹಾಕಲು ಕಾರಣವಿದೆ. ಬಿಲ್ಲಿಂಗ್ ಯಂತ್ರದಲ್ಲಿ ವ್ಯಾಪಾರ ಕಾಣುತ್ತೆ, ಲಾಭವನ್ನು ಮಾತ್ರ ಯಾರು ಹೇಗೆ ಬೇಕಾದರೂ ಬರೆಯಬಹುದು. ಆದರೆ ಅದರ ಪರಿಣಾಮ ಏನೆಂದರೆ, ಒಬ್ಬರು ಮುಳುಗುತ್ತಿರುವಾಗಲೂ ಇನ್ನೊಬ್ಬರಿಗೆ ಪಾಲು ಸಿಗುತ್ತಲೇ ಇರುತ್ತೆ. ಇದಕ್ಕೆ ಪರಿಹಾರ ಕರಾರಿನಲ್ಲೇ ಇದೆ. ಮೊದಲ ಆರು ತಿಂಗಳು ರಾಯಲ್ಟಿ ಬೇಡ ಅನ್ನಬಹುದು. ಅಥವಾ ತಿಂಗಳಿಗೆ 7.5 ಲಕ್ಷದವರೆಗೆ ಕಡಿಮೆ ಪರ್ಸೆಂಟ್, ಅದರ ಮೇಲಿನ ವ್ಯಾಪಾರಕ್ಕೆ ಹೆಚ್ಚು ಅಂತ ಬರೆಯಬಹುದು. ‘ವ್ಯಾಪಾರ’ ಅಂದರೆ ಏನು ಅನ್ನೋದನ್ನೂ ಬರೆಯಲೇಬೇಕು. ಡೆಲಿವರಿ ಆ್ಯಪ್ 100 ರೂಪಾಯಿಯ ಆರ್ಡರಿನಲ್ಲಿ 25 ಹಿಡಿದುಕೊಂಡರೆ, ರಾಯಲ್ಟಿ 100ರ ಮೇಲೋ 75ರ ಮೇಲೋ? ಈ ಒಂದು ಸಾಲಿಗೇ ಎಷ್ಟೋ ಜಗಳ ಆಗುತ್ತೆ.

ಫೀಸು ಮಾರುವ ದಂಧೆ ಶುರುವಾಗುವುದು ಇಲ್ಲಿ

ಮಾಲೀಕರ ಕಡೆಯ ಲೆಕ್ಕವನ್ನೂ ನೋಡೋಣ. ಹೊಸ ಅಂಗಡಿಯ ಅಡುಗೆಯವರಿಗೆ ತರಬೇತಿ, ಆರಂಭದ ವಾರಗಳಲ್ಲಿ ತಮ್ಮ ಜನರನ್ನು ಅಲ್ಲಿ ಇರಿಸುವುದು, ವಕೀಲರ ಖರ್ಚು ಸೇರಿದರೆ ಆ 2.5 ಲಕ್ಷ ಅಲ್ಲಿಗಲ್ಲಿಗೆ ಮುಗಿಯುತ್ತೆ. ಹಾಗೇ ಮುಗಿಯಬೇಕು. ಆಮೇಲೆ ಅಂಗಡಿಗಳನ್ನು ಸುತ್ತಿ ರುಚಿ ಪರೀಕ್ಷಿಸುವವರು, ತರಬೇತಿ ಕೊಡುವವರು, ಲೆಕ್ಕ ನೋಡುವವರು ಅಂತ ಒಂದು ಸಣ್ಣ ತಂಡ ಬೇಕು. ತಿಂಗಳಿಗೆ 1,10,000 ಅಂದುಕೊಳ್ಳಿ. ಒಂದು ಅಂಗಡಿಯಿಂದ 36,000 ಬಂದರೆ, ಈ ತಂಡದ ಖರ್ಚು ಹುಟ್ಟಲು ನಾಲ್ಕು ಅಂಗಡಿ ಬೇಕು. ಅಲ್ಲಿಯವರೆಗೆ ಮೊದಲ ಅಂಗಡಿಯ ಲಾಭವೇ ಇದನ್ನು ಸಾಕಬೇಕು.

ಆ ಕಷ್ಟದ ಕಾಲದಲ್ಲಿ ಎರಡು ಅಡ್ಡದಾರಿ ಕಾಣುತ್ತವೆ. ಒಂದು, ಬೇಗಬೇಗ ಹೆಚ್ಚು ಫ್ರಾಂಚೈಸಿ ಮಾರಿ ಪ್ರವೇಶ ಶುಲ್ಕದಲ್ಲೇ ಬದುಕುವುದು. ಆಗ ಅಂಗಡಿ ನಡೆದರೂ ಮುಚ್ಚಿದರೂ ಮಾರಿದವರಿಗೆ ವ್ಯತ್ಯಾಸವಾಗಲ್ಲ. ಇನ್ನೊಂದು, ಕಾಫಿಪುಡಿ, ಸಾಂಬಾರ್ ಪುಡಿಯನ್ನು ನಮ್ಮಲ್ಲೇ ಕೊಳ್ಳಬೇಕು ಅಂತ ಷರತ್ತು ಹಾಕಿ ದರ ಏರಿಸುವುದು. ತಿಂಗಳಿಗೆ 90 ಕೆ.ಜಿ. ಕಾಫಿಪುಡಿಗೆ ಕೆ.ಜಿ.ಗೆ 100 ರೂಪಾಯಿ ಹೆಚ್ಚು ಹಾಕಿದರೆ 9,000 ರೂಪಾಯಿ. ಅದು ಹೆಸರಿಲ್ಲದ ಇನ್ನೊಂದು ಪರ್ಸೆಂಟ್ ರಾಯಲ್ಟಿ. ರುಚಿ ಒಂದೇ ಇರಲಿ ಅಂತ ಪುಡಿ ಕೊಡುವುದು ತಪ್ಪಲ್ಲ. ಆದರೆ ಅದರ ಮೇಲಿನ ಲಾಭ ಎಷ್ಟು ಅಂತ ಕರಾರಿನಲ್ಲಿ ಕಾಣಬೇಕು.

ಇದನ್ನೆಲ್ಲ ಕಾನೂನು ನೋಡಿಕೊಳ್ಳಲ್ವಾ? ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವವರು ಫೀಸು, ಖರ್ಚು, ಹಳೆಯ ವ್ಯಾಜ್ಯ, ಮುಚ್ಚಿದ ಅಂಗಡಿಗಳ ವಿವರವಿರುವ ದಾಖಲೆಯನ್ನು ಸಹಿಗೆ ಅಥವಾ ಹಣ ಪಡೆಯುವುದಕ್ಕೆ ಕನಿಷ್ಠ 14 ದಿನ ಮೊದಲು ಕೊಡಬೇಕು. ಭಾರತದಲ್ಲಿ ಫ್ರಾಂಚೈಸಿಗೆಂದೇ ಕಾನೂನಿಲ್ಲ. 1872ರ ಗುತ್ತಿಗೆ ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆಯಂಥ ಸಾಮಾನ್ಯ ಕಾನೂನುಗಳಲ್ಲೇ ಎಲ್ಲ ನಡೆಯುತ್ತೆ. ಹಾಗಾಗಿ ಕರಾರಿನಲ್ಲಿ ಬರೆಯದ್ದನ್ನು ಆಮೇಲೆ ಕೇಳುವುದು ಕಷ್ಟ. ಮಾಲೀಕರೂ ಅಷ್ಟೇ, ಕೆಫೆಯ ಹೆಸರನ್ನು 43ನೇ ವರ್ಗದಲ್ಲಿ ನೋಂದಾಯಿಸದೆ ಫ್ರಾಂಚೈಸಿ ಕೊಡಲು ಹೊರಟರೆ, ತಮ್ಮದು ಅಂತ ಗಟ್ಟಿಯಾಗಿ ಹೇಳಲಾಗದ್ದನ್ನು ಬಾಡಿಗೆಗೆ ಕೊಟ್ಟಂತೆ.

ಒಂದು ವರ್ಷದ ಪರೀಕ್ಷೆ

ಹಾಳೆಯ ಮೇಲಿನ ಲೆಕ್ಕ ನಿಜವೋ ಅಲ್ಲವೋ ತಿಳಿಯಲು ಒಂದು ದಾರಿಯಿದೆ. ಫ್ರಾಂಚೈಸಿ ಕೊಡುವ ಮೊದಲು ಎರಡನೇ ಅಂಗಡಿಯನ್ನು ಸ್ವಂತ ದುಡ್ಡಲ್ಲೇ ಬೇರೆ ಬಡಾವಣೆಯಲ್ಲಿ ತೆರೆಯಿರಿ. ಇವತ್ತಿನ ಬಾಡಿಗೆ ಕೊಡಿ, ಮ್ಯಾನೇಜರ್ ಇಡಿ, ನೀವು ವಾರಕ್ಕೊಮ್ಮೆ ಮಾತ್ರ ಹೋಗಿ. ರಾಯಲ್ಟಿಯನ್ನು ಜಿಎಸ್‌ಟಿ ಸಮೇತ ನಿಮಗೆ ನೀವೇ ಕಟ್ಟುತ್ತಿದ್ದೀರಿ ಅಂತ ಪ್ರತ್ಯೇಕ ಖಾತೆಗೆ ಹಾಕುತ್ತಾ ಬನ್ನಿ. ಮಳೆಗಾಲ, ಪರೀಕ್ಷೆ, ಆಷಾಢ, ಹಬ್ಬ ಎಲ್ಲ ದಾಟಿ ಹನ್ನೆರಡು ತಿಂಗಳ ನಂತರ ಪುಸ್ತಕ ತೆಗೆದು ನೋಡಿ.

ಆಗ ಲಾಭದ ಜೊತೆ ಸಂಬಳದ ಪಟ್ಟಿಯನ್ನೂ ನೋಡಬೇಕು. ರಾಯಲ್ಟಿ ಹೊಂದಿಸಲು ಮ್ಯಾನೇಜರ್ ವಾರದ ರಜೆ ತಪ್ಪಿಸಿದರಾ? ಇಎಸ್‌ಐ ಬೇಡ ಅಂತ ಇಬ್ಬರ ಹೆಸರು ಕೈಬಿಟ್ಟರಾ? ಬಾಡಿಗೆ, ಹಾಲಿನ ದರ, ಜಿಎಸ್‌ಟಿ ಯಾವುದನ್ನೂ ಕಡಿಮೆ ಮಾಡಲು ಆಗದಿದ್ದಾಗ ಮೊದಲು ಕತ್ತರಿ ಬೀಳುವುದು ತಟ್ಟೆ ತೊಳೆಯುವವರ, ಟೇಬಲ್ ಒರೆಸುವವರ ಸಂಬಳಕ್ಕೆ. ಅವರ ಸಂಬಳ ಪೂರ್ತಿ ಕೊಟ್ಟ ಮೇಲೂ ಆ ಖಾತೆಯಲ್ಲಿ 4 ಪರ್ಸೆಂಟ್ ನಿಂತಿದ್ದರೆ, ಫ್ರಾಂಚೈಸಿ ಕೇಳಿಕೊಂಡು ಬಂದವರ ಮುಂದೆ ಆ ಪುಸ್ತಕವನ್ನೇ ಇಡಿ. ನಿಂತಿಲ್ಲ ಅಂದರೆ, ನಿಮ್ಮಲ್ಲಿರುವುದು ಎರಡು ಜನರ ದುಡಿಮೆಯಿಂದ ನಡೆಯುವ ಒಂದು ಒಳ್ಳೆಯ ಕೆಫೆ. ಅದನ್ನೇ ಚೆನ್ನಾಗಿ ನಡೆಸಿ.