ಖಾಲಿ ಕಲಂ ತುಂಬುವ ಎಐ
ಆನ್‌ಲೈನ್ ಅಂಗಡಿಗಳ ಸರಕಿನ ವಿವರಣೆಯನ್ನು ಈಗ ಹಲವೆಡೆ ಎಐ ಬರೆಯುತ್ತದೆ. ಒಂದು ಮಿಕ್ಸಿಯ ಮಾಹಿತಿ ಪಟ್ಟಿಯಲ್ಲಿ 750 ವ್ಯಾಟ್, 3 ಜಾರ್, ವಾರಂಟಿ 2 ವರ್ಷ, ಮೋಟಾರಿಗೆ 5 ವರ್ಷ ಎಂದಿದೆ ಎನ್ನೋಣ. ಜಾರ್ ಯಾವುದರದ್ದೆಂಬ ಕಲಂ ಖಾಲಿ. ಕರಡಿನಲ್ಲಿ ಮಾತ್ರ ‘ಸ್ಟೀಲ್ ಜಾರ್’ ಬಂದುಬಿಡುತ್ತದೆ. ಮಿಕ್ಸಿ ಎಂದಾಗ ಸಾಮಾನ್ಯವಾಗಿ ಕಾಣುವ ಮಾತು ಅದೇ ಆದ್ದರಿಂದ ಎಐ ಅದನ್ನೇ ಊಹಿಸುತ್ತದೆ.

ಹಾಗಾಗಿ ಕರಡಿನ ಬೆನ್ನಿಗೇ ತಪಾಸಣೆಯ ಪ್ರೋಗ್ರಾಂ ಇರಬೇಕು. ಅದು ಪ್ರತಿ ಅಂಕಿ, ಪ್ರತಿ ಗುಣವನ್ನು ಹೆಕ್ಕಿ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಆಧಾರವಿಲ್ಲದ ‘ಸ್ಟೀಲ್’ ಅಲ್ಲೇ ಸಿಕ್ಕಿಬೀಳುತ್ತದೆ.

ಕಷ್ಟದ ತಪ್ಪು ಬೇರೆಯದು. ‘ಮಿಕ್ಸಿಗೆ 5 ವರ್ಷ ವಾರಂಟಿ’ ಎಂದು ಬರೆದರೆ 5 ಪಟ್ಟಿಯಲ್ಲೇ ಇದೆ. ಬರೀ ಅಂಕಿ ನೋಡುವ ತಪಾಸಣೆಯನ್ನು ಅದು ದಾಟಿಹೋಗುತ್ತದೆ. ಅಂಕಿ ಯಾವ ಕಲಂನದ್ದೆಂದೂ ನೋಡಲೇಬೇಕು.

ಪಟ್ಟಿಯೇ ತಪ್ಪಿದ್ದರೆ? ತಯಾರಕರ ದಾಖಲೆ ಹಿಡಿದು ಮನುಷ್ಯರೇ ತಿದ್ದಬೇಕು.